ಪೂರ್ತಿ ಕಟ್ಟಿದ ಮೇಲೂ ಬಂದ ಬಡ್ಡಿ: ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಬಗ್ಗೆ ಒಂದು ಎಚ್ಚರಿಕೆ

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಒಂದೇ ಒಂದು ತಿಂಗಳು ಪೂರ್ತಿ ಕಟ್ಟದೆ, ಸ್ಟೇಟ್‌ಮೆಂಟಿನಲ್ಲಿ ‘ಮಿನಿಮಮ್ ಅಮೌಂಟ್ ಡ್ಯೂ’ ಎಂದು ತೋರಿಸಿದಷ್ಟನ್ನು ಮಾತ್ರ ಕಟ್ಟಿದರೆ ಆ ತಿಂಗಳ ಬಡ್ಡಿಯೊಂದಿಗೆ ಲೆಕ್ಕ ಮುಗಿಯುತ್ತದೆ ಎಂದು ಹಲವರು ನಂಬಿದ್ದಾರೆ. ನಮ್ಮ ಭಾವನವರೂ ಹಾಗೆಯೇ ನಂಬಿದ್ದರು. ಮರುತಿಂಗಳು ಅವರು ಇಡೀ ಬಾಕಿಯನ್ನು ಗಡುವಿನೊಳಗೇ ತೀರಿಸಿದರೂ, ಅದರ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಮತ್ತೆ ಬಡ್ಡಿ ಕಾಣಿಸಿಕೊಂಡಿತು. ಅದನ್ನು ಬ್ಯಾಂಕಿನ ತಪ್ಪೆಂದು ತಿಳಿದು ಕಟ್ಟದೆ ಉಳಿಸಿದ್ದಕ್ಕೆ ವಿಳಂಬ ಶುಲ್ಕವೂ ಬಿತ್ತು. ಅವರ ನಾಲ್ಕು ಸ್ಟೇಟ್‌ಮೆಂಟ್‌ಗಳನ್ನು ಮುಂದಿಟ್ಟುಕೊಂಡು ನಾನು ದಿನವಾರು ಲೆಕ್ಕ ಹಾಕಿ ನೋಡಿದೆ. ಕೂಡಿಸುವುದರಲ್ಲಿ ಬ್ಯಾಂಕು ಎಲ್ಲಿಯೂ ತಪ್ಪಿರಲಿಲ್ಲ. ಆದರೆ ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ಸ್ಟೇಟ್‌ಮೆಂಟಿನ ಮೊದಲ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಅದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ, ನಡೆದ ಕ್ರಮ ಮಾತ್ರ ಅದೇ.

ಅವರ ಕಾರ್ಡಿನ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 10ರಂದು ತಯಾರಾಗುತ್ತದೆ ಮತ್ತು ಹಣ ಕಟ್ಟುವ ಕೊನೆಯ ದಿನ 30. ಬಡ್ಡಿ ದರ ತಿಂಗಳಿಗೆ ಶೇಕಡಾ 3, ಅಂದರೆ ವರ್ಷಕ್ಕೆ ಶೇಕಡಾ 36. ಮಾರ್ಚ್ 15ರಂದು 40,000 ರೂಪಾಯಿಯ ಒಂದು ಖರೀದಿ, ಏಪ್ರಿಲ್ 5ರಂದು 10,000 ರೂಪಾಯಿಯ ಇನ್ನೊಂದು. ಹಿಂದಿನ ಬಾಕಿ ಏನೂ ಇರಲಿಲ್ಲ. ಹೀಗಾಗಿ ಏಪ್ರಿಲ್ 10ರ ಸ್ಟೇಟ್‌ಮೆಂಟಿನಲ್ಲಿ ಒಟ್ಟು ಬಾಕಿ 50,000, ಕನಿಷ್ಠ ಪಾವತಿ ಅದರ ಶೇಕಡಾ 5ರಂತೆ 2,500 ಎಂದಿತ್ತು. ಆ ತಿಂಗಳು ಕೈ ಬಿಗಿಯಾಗಿದ್ದರಿಂದ ಭಾವನವರು ಏಪ್ರಿಲ್ 30ರಂದು 2,500 ಮಾತ್ರ ಕಟ್ಟಿದರು. ಮೇ 2ರಂದು ಅದೇ ಕಾರ್ಡಿನಲ್ಲಿ 6,000 ರೂಪಾಯಿಯ ಖರೀದಿಯನ್ನೂ ಮಾಡಿದರು.

ಉಳಿದ 47,500ಕ್ಕೆ ಗಡುವು ಮುಗಿದ ಮರುದಿನದಿಂದ ಬಡ್ಡಿ ಶುರುವಾಗುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಆ ಲೆಕ್ಕದಲ್ಲಿ ಮೇ 10ರ ಹೊತ್ತಿಗೆ ಹತ್ತು ದಿನಗಳಿಗೆ 468 ರೂಪಾಯಿ ಆಗಬೇಕು. ತೀರಾ ಹೆಚ್ಚೆಂದರೂ ಒಂದು ತಿಂಗಳ ಬಡ್ಡಿ 1,425 ಆಗಬಹುದು ಎಂದುಕೊಂಡಿದ್ದರು. ಸ್ಟೇಟ್‌ಮೆಂಟಿನಲ್ಲಿ ‘ಫೈನಾನ್ಸ್ ಚಾರ್ಜಸ್’ ಎಂಬ ಸಾಲಿನ ಮುಂದೆ ಇದ್ದದ್ದು 2,630 ರೂಪಾಯಿ.

ಈ ಮೊತ್ತ ಬಂದದ್ದು ಹೀಗೆ. ಖರೀದಿ ಮಾಡಿದ ದಿನದಿಂದ ಕಟ್ಟುವ ಗಡುವಿನವರೆಗಿನ ಬಡ್ಡಿರಹಿತ ಅವಧಿ ಒಂದು ಷರತ್ತಿನ ಮೇಲೆ ನಿಂತ ರಿಯಾಯಿತಿ. ಸ್ಟೇಟ್‌ಮೆಂಟಿನ ಒಟ್ಟು ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸಿದರೆ ಮಾತ್ರ ಅದು ಸಿಗುತ್ತದೆ. ಒಂದು ರೂಪಾಯಿ ಉಳಿದರೂ ರಿಯಾಯಿತಿ ರದ್ದಾಗಿ, ಬಡ್ಡಿಯನ್ನು ಗಡುವಿನ ದಿನದಿಂದಲ್ಲ, ಪ್ರತಿ ಖರೀದಿಯ ದಿನದಿಂದ ಲೆಕ್ಕ ಹಾಕಲಾಗುತ್ತದೆ. ಅದೂ ಉಳಿದ ಭಾಗಕ್ಕೆ ಮಾತ್ರವಲ್ಲ, ಆಯಾ ದಿನ ಖಾತೆಯಲ್ಲಿ ಎಷ್ಟು ಬಾಕಿ ಇತ್ತೋ ಅಷ್ಟಕ್ಕೂ. ಮಾರ್ಚ್ 15ರಿಂದ ಏಪ್ರಿಲ್ 4ರವರೆಗೆ 21 ದಿನ 40,000 ಬಾಕಿ ಇತ್ತು. ಏಪ್ರಿಲ್ 5ರಿಂದ 29ರವರೆಗೆ 25 ದಿನ 50,000 ಇತ್ತು. 2,500 ಕಟ್ಟಿದ ಮೇಲೆ ಎರಡು ದಿನ 47,500, ಹೊಸ ಖರೀದಿ ಸೇರಿದ ಮೇಲೆ ಮೇ 10ರವರೆಗೆ 9 ದಿನ 53,500. ಪ್ರತಿ ದಿನದ ಬಾಕಿಯನ್ನು ಹೀಗೆ ಕೂಡಿಸುತ್ತ ಹೋದರೆ 26,66,500 ಆಗುತ್ತದೆ. ಅದನ್ನು ವಾರ್ಷಿಕ ದರ 0.36ರಿಂದ ಗುಣಿಸಿ 365ರಿಂದ ಭಾಗಿಸಿದರೆ ಸರಿಯಾಗಿ 2,630 ರೂಪಾಯಿ ಬರುತ್ತದೆ.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮೇ 2ರ ಖರೀದಿ. ಅದು ಹೊಸದು, ಅದರ ಗಡುವು ಮೇ 30. ಆದರೂ ಹಳೆಯ ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲವಾದ್ದರಿಂದ, ಕಾರ್ಡ್ ಉಜ್ಜಿದ ದಿನವೇ ಅದರ ಮೇಲೆ ಬಡ್ಡಿ ಓಡತೊಡಗಿತು. ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ದಿನನಿತ್ಯದ ಖರ್ಚನ್ನು ಮುಂದುವರಿಸುವವರು ತಮಗೆ ತಿಳಿಯದೆಯೇ ಪ್ರತಿಯೊಂದು ವಸ್ತುವನ್ನೂ ಸಾಲದ ಮೇಲೆ ಕೊಳ್ಳುತ್ತಿರುತ್ತಾರೆ. ಅಂಥ ತಿಂಗಳಲ್ಲಿ ಆ ಕಾರ್ಡನ್ನು ಪೂರ್ತಿ ಪಕ್ಕಕ್ಕಿಡುವುದೇ ಲೇಸು.

ಕನಿಷ್ಠ ಪಾವತಿಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಅದನ್ನು ಕಟ್ಟಿದರೆ ವಿಳಂಬ ಶುಲ್ಕ ಬೀಳುವುದಿಲ್ಲ ಮತ್ತು ಖಾತೆ ಬಾಕಿದಾರರ ಪಟ್ಟಿಗೆ ಹೋಗುವುದಿಲ್ಲ. ಅದರ ಪ್ರಯೋಜನ ಅಷ್ಟಕ್ಕೇ ನಿಲ್ಲುತ್ತದೆ, ಬಡ್ಡಿಯನ್ನು ಅದು ತಡೆಯುವುದಿಲ್ಲ. ಭಾವನವರು ಕಟ್ಟಿದ್ದು 2,500, ಬಂದ ಬಡ್ಡಿ 2,630. ಎಂದರೆ ಹಣ ಕಟ್ಟಿದ ಮೇಲೂ, ಹೊಸ ಖರೀದಿಯನ್ನು ಬಿಟ್ಟು ನೋಡಿದರೂ, ಸಾಲ ಏಪ್ರಿಲ್‌ಗಿಂತ ಹೆಚ್ಚಾಗಿತ್ತು. ಕೆಲವು ಕಾರ್ಡುಗಳಲ್ಲಿ ಕನಿಷ್ಠ ಪಾವತಿಯೊಳಗೆ ಆ ತಿಂಗಳ ಬಡ್ಡಿ, ಶುಲ್ಕ ಮತ್ತು ಕಂತುಗಳನ್ನು ಪೂರ್ತಿಯಾಗಿ ಸೇರಿಸಿ, ಅದರ ಮೇಲೆ ಅಸಲಿನ ಒಂದಂಶವನ್ನು ಕೂಡಿಸಿರುತ್ತಾರೆ. ಅಂಥಲ್ಲಿ ಅಸಲು ನಿಧಾನವಾಗಿಯಾದರೂ ಇಳಿಯುತ್ತದೆ. ಬರೀ ಒಟ್ಟು ಬಾಕಿಯ ಶೇಕಡಾ 5 ಎಂದಿದ್ದರೆ ಬಹುಪಾಲು ಬಡ್ಡಿಗೇ ಹೋಗುತ್ತದೆ. ಮೇ 10ರ ಒಟ್ಟು ಬಾಕಿ 56,130. ಅದರ ಶೇಕಡಾ 5 ಎಂದರೆ 2,807. ಅದರಲ್ಲಿ 2,630 ಬಡ್ಡಿಗೆ ಸಂದ ಮೇಲೆ ಅಸಲಿಗೆ ದಕ್ಕುವುದು ಕೇವಲ 177 ರೂಪಾಯಿ. ನಿಮ್ಮ ಕಾರ್ಡಿನದು ಯಾವ ಬಗೆ ಎಂದು ತಿಳಿಯಲು ಸ್ಟೇಟ್‌ಮೆಂಟಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುವ ನಿಯಮಗಳನ್ನು ಓದಬೇಕು.

ಮೇ ತಿಂಗಳ ಮೊತ್ತವನ್ನು ಕಂಡು ಗಾಬರಿಯಾದ ಭಾವನವರು ಹೇಗೋ ಹಣ ಹೊಂದಿಸಿ ಮೇ 30ರಂದು 56,130ನ್ನೂ ಒಮ್ಮೆಗೇ ಕಟ್ಟಿದರು. ಆ ನಡುವೆ ಕಾರ್ಡನ್ನು ಮುಟ್ಟಲೂ ಇಲ್ಲ. ಜೂನ್ 10ರ ಸ್ಟೇಟ್‌ಮೆಂಟ್ ಸೊನ್ನೆಯಾಗಿರಬೇಕಿತ್ತು ಎಂದು ಅವರ ವಾದ. ಆದರೆ ಅದರಲ್ಲಿ 1,003 ರೂಪಾಯಿ ಬಡ್ಡಿ ಇತ್ತು. “ಪೂರ್ತಿ ಕಟ್ಟಿದ್ದೇನಲ್ಲ, ಇದೆಲ್ಲಿಂದ ಬಂತು?” ಎಂದು ಗ್ರಾಹಕ ಸೇವೆಗೆ ಫೋನ್ ಮಾಡಿದಾಗ “ಸರ್, ಅದು ಹಿಂದಿನ ಬಾಕಿಯ ಬಡ್ಡಿ” ಎಂಬ ಒಂದು ಸಾಲಿನ ಉತ್ತರ ಬಂತೇ ಹೊರತು ವಿವರಣೆ ಸಿಗಲಿಲ್ಲ.

ವಿವರಣೆ ಕಷ್ಟದ್ದೇನಲ್ಲ. ಮೇ 10ರ ಸ್ಟೇಟ್‌ಮೆಂಟ್ ಆ ದಿನದವರೆಗಿನ ಬಡ್ಡಿಯನ್ನು ಮಾತ್ರ ತೋರಿಸುತ್ತದೆ. ಅದು ಮುದ್ರಣವಾದ ಮೇಲೆ ಹಣ ಕಟ್ಟುವವರೆಗೆ ಬಡ್ಡಿ ದಿನದಿನವೂ ಓಡುತ್ತಲೇ ಇರುತ್ತದೆ. ಮೇ 11ರಿಂದ 29ರವರೆಗೆ 19 ದಿನ 53,500 ರೂಪಾಯಿ ಅಸಲು ಬಾಕಿ ಇತ್ತು. ಬಡ್ಡಿಯ ಮೇಲೆ ಬಡ್ಡಿ ಹಾಕದೆ ಲೆಕ್ಕ ಮಾಡಿದರೂ ಆ ದಿನಗಳಿಗೆ 1,003 ಆಗುತ್ತದೆ. ಕಟ್ಟುವ ಗಡುವು 30 ಎಂದಿದ್ದುದು ವಿಳಂಬ ಶುಲ್ಕದಿಂದ ತಪ್ಪಿಸಿಕೊಳ್ಳುವ ಗಡುವಷ್ಟೆ. ಹಳೆಯ ಬಾಕಿಯನ್ನು ಹೊತ್ತುಕೊಂಡವರಿಗೆ ಆ ದಿನಾಂಕದವರೆಗೆ ಕಾಯುವುದರಿಂದ ಯಾವ ಲಾಭವೂ ಇಲ್ಲ. ಅದೇ ಹಣವನ್ನು ಮೇ 12ರಂದು ಕಟ್ಟಿದ್ದರೆ ಒಂದು ದಿನದ ಬಡ್ಡಿ, ಅಂದರೆ 53 ರೂಪಾಯಿ ಮಾತ್ರ ಬೀಳುತ್ತಿತ್ತು. ಆದ್ದರಿಂದ ಬಾಕಿ ತೀರಿಸಲು ಹೊರಟವರು ಸ್ಟೇಟ್‌ಮೆಂಟಿನ ಅಂಕಿಯನ್ನು ನಂಬಿ ಕೂರದೆ, ಬ್ಯಾಂಕಿಗೆ ಕೇಳಿ, ಇನ್ನೂ ಬಿಲ್‌ಗೆ ಸೇರದ ಬಡ್ಡಿಯನ್ನೂ ಒಳಗೊಂಡು ಇವತ್ತು ಎಷ್ಟು ಕಟ್ಟಿದರೆ ಖಾತೆ ಚುಕ್ತವಾಗುತ್ತದೆ ಎಂಬ ಮೊತ್ತವನ್ನು ಪಡೆದುಕೊಂಡು, ಅಂದೇ ಕಟ್ಟಬೇಕು.

ಬಡ್ಡಿಯ ಈ ಕ್ರಮ ಎಲ್ಲೆಡೆಯೂ ಒಂದೇ ಎಂದು ತಿಳಿಯಬಾರದು. ಉದಾಹರಣೆಗೆ, ಅಮೆರಿಕದಲ್ಲಿ 2009ರಲ್ಲಿ ಬಂದ ಕ್ರೆಡಿಟ್ ಕಾರ್ಡ್ ಕಾಯ್ದೆ, ಬಡ್ಡಿರಹಿತ ಅವಧಿ ಕೈತಪ್ಪಿತೆಂಬ ಕಾರಣಕ್ಕೆ ಅದರ ಹಿಂದಿನ ಬಿಲ್ಲಿಂಗ್ ಅವಧಿಯ ದಿನಗಳಿಗೂ ಬಡ್ಡಿ ಹಾಕುವುದನ್ನು, ಮತ್ತು ಗಡುವಿನೊಳಗೆ ಕಟ್ಟಿದ ಭಾಗದ ಮೇಲೆ ಬಡ್ಡಿ ಹಾಕುವುದನ್ನು ನಿಷೇಧಿಸಿದೆ. ಹಾಗಾಗಿ ನಿಮ್ಮ ಕಾರ್ಡಿನ ಒಪ್ಪಂದದಲ್ಲಿ ಬಡ್ಡಿ ಯಾವ ದಿನದಿಂದ, ಯಾವ ಮೊತ್ತದ ಮೇಲೆ ಎಂಬ ಎರಡು ಮಾತುಗಳನ್ನು ಹುಡುಕಿ ನೋಡಿ.

ಇನ್ನು ಶುಲ್ಕದ ಸಾಲುಗಳು. ಭಾವನವರು 1,003ನ್ನು ತಕರಾರಿನಲ್ಲಿದೆ ಎಂದು ಭಾವಿಸಿ ಕಟ್ಟದೆ ಬಿಟ್ಟರು. ಆದರೆ ಫೋನಿನಲ್ಲಿ ದೂರುವುದರಿಂದ ಗಡುವು ನಿಲ್ಲುವುದಿಲ್ಲ. ಜೂನ್ 30 ದಾಟಿದ ಮೇಲೆ ಬಂದ ಜುಲೈ 10ರ ಸ್ಟೇಟ್‌ಮೆಂಟಿನಲ್ಲಿ ‘ಲೇಟ್ ಪೇಮೆಂಟ್ ಫೀ’ ಎಂದು 500 ರೂಪಾಯಿ, ಅದರ ಕೆಳಗೆ ಶುಲ್ಕದ ಮೇಲಿನ ತೆರಿಗೆಯ ಒಂದು ಸಾಲು, ಇವುಗಳ ಜೊತೆಗೆ 229 ರೂಪಾಯಿ ಬಡ್ಡಿ. ಈ 229 ಎಲ್ಲಿಂದ ಬಂತೆಂದರೆ, ಜೂನ್ 12ರಂದು ಅವರು 8,000 ರೂಪಾಯಿಯ ಖರೀದಿ ಮಾಡಿದ್ದರು. ಜೂನ್ ಸ್ಟೇಟ್‌ಮೆಂಟಿನ 1,003 ಪೂರ್ತಿ ತೀರದೆ ಉಳಿದಿದ್ದರಿಂದ ಆ ಖರೀದಿಗೂ ಬಡ್ಡಿರಹಿತ ದಿನಗಳು ಸಿಗಲಿಲ್ಲ, ಮೊದಲ ದಿನದಿಂದ ಲೆಕ್ಕ ಹಾಕಿದ 29 ದಿನಗಳ ಬಡ್ಡಿ ಅದು. ಸಣ್ಣ ಬಾಕಿ ಎಂದು ತಾತ್ಸಾರ ಮಾಡಿದರೆ ಅದು ದೊಡ್ಡ ಖರೀದಿಯ ರಿಯಾಯಿತಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಪ್ಪದ ಸಾಲಿದ್ದರೂ ಮೊದಲು ಕಟ್ಟಿ, ಆಮೇಲೆ ಲಿಖಿತವಾಗಿ ವಿವರಣೆ ಕೇಳುವುದು ಇಂಥ ಸಣ್ಣ ಮೊತ್ತಗಳಲ್ಲಿ ಕಡಿಮೆ ಖರ್ಚಿನ ದಾರಿ. ನೀವು ಮಾಡದ ಖರೀದಿ ನಿಮ್ಮ ಖಾತೆಯಲ್ಲಿ ಕಂಡರೆ ವಿಷಯವೇ ಬೇರೆ. ಅದನ್ನು ತಡಮಾಡದೆ ಲಿಖಿತವಾಗಿ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು.

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಬರುವ ಶುಲ್ಕದ ಸಾಲನ್ನು ಇಲ್ಲಿ ಹೆಸರಿಸಿಬಿಡುತ್ತೇನೆ, ಏಕೆಂದರೆ ಅದಕ್ಕೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೇ ಇರುವುದಿಲ್ಲ. ಬಾಕಿಯನ್ನೆಲ್ಲ ಸಮಯಕ್ಕೆ ಸರಿಯಾಗಿ ಕಟ್ಟುವವರಿಗೂ ಆ ಶುಲ್ಕ ಮತ್ತು ತೆಗೆದ ದಿನದಿಂದ ಬಡ್ಡಿ ಎರಡೂ ಬೀಳುತ್ತವೆ.

ಜುಲೈ ಸ್ಟೇಟ್‌ಮೆಂಟ್ ಬಂದ ಮರುದಿನ ಭಾವನವರು ಇಡೀ ಮೊತ್ತವನ್ನು ಕಟ್ಟಿ, ಮೇಲಿನ ದಿನವಾರು ಲೆಕ್ಕವನ್ನು ಇಮೇಲ್‌ನಲ್ಲಿ ಬರೆದು, ಜೂನ್‌ನಲ್ಲಿ ತಾವು ಫೋನ್ ಮಾಡಿದ್ದ ದಿನಾಂಕವನ್ನು ನಮೂದಿಸಿ, ವಿಳಂಬ ಶುಲ್ಕವನ್ನು ಹಿಂದಿರುಗಿಸುವಂತೆ ಕೇಳಿದರು. ಬ್ಯಾಂಕು 500 ರೂಪಾಯಿಯನ್ನೂ ಅದರ ತೆರಿಗೆಯನ್ನೂ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಜಮಾ ಮಾಡಿತು. ಮೂರು ಸಲ ಬಿದ್ದ ಬಡ್ಡಿಯಲ್ಲಿ ಒಂದು ಪೈಸೆಯೂ ಮರಳಲಿಲ್ಲ.