ರುಚಿ ನೋಡಿಸುವುದೋ, ಪರಿಚಯದ ಮೇಲೆ ಆರ್ಡರ್ ಹಿಡಿಯುವುದೋ?

ಆಷಾಢ ಮುಗಿದರೆ ಮದುವೆ ಅಡುಗೆಯ ವಿಚಾರಣೆ ಶುರು. ಕೇಟರಿಂಗ್‌ನವರಿಗೆ ಪ್ರಚಾರಕ್ಕೆ ಎರಡು ದಾರಿಗಳಿವೆ.

ರುಚಿ ನೋಡಿಸುವುದು ಬೇಗ ಫಲ ಕೊಡುತ್ತದೆ, ಆದರೆ ಪುಕ್ಕಟೆ ಮಾಡಿದರೆ ಕೈ ಸುಡುತ್ತದೆ. ಎಲೆಗೆ ₹350 ಎಂದುಕೊಳ್ಳಿ. ಎಂಟು ಮನೆಯವರು ತಲಾ ಐದು ಜನ ಬಂದು ಉಂಡರೆ ₹14,000. ಮೂರು ಮನೆಯವರು ಮಾತ್ರ ಒಪ್ಪಿದರೆ ಆರ್ಡರಿಗೆ ಸುಮಾರು ₹4,700 ಬಿತ್ತು. ಬದಲಿಗೆ ಐದು ಎಲೆಯ ₹1,750 ಮೊದಲೇ ಪಡೆದು, ಬುಕ್ ಮಾಡಿದವರ ಬಿಲ್ಲಿನಲ್ಲಿ ಕಳೆಯಿರಿ. ಆಗ ಖರ್ಚು ಆರ್ಡರಿಗೆ ₹1,750ಕ್ಕೆ ಇಳಿಯುತ್ತದೆ. ಸುಮ್ಮನೆ ಉಂಡು ಹೋಗುವವರೂ ಕಡಿಮೆಯಾಗುತ್ತಾರೆ.

ಇಲ್ಲಿ ಎಡವುವುದು ಅಡುಗೆಯಲ್ಲೇ. ಐದು ಜನರಿಗೆಂದು ಸಣ್ಣ ಪಾತ್ರೆಯಲ್ಲಿ ಮಾಡಿದ ಹುಳಿ, ಐನೂರು ಎಲೆಯ ಕೊಪ್ಪರಿಗೆಯ ಹುಳಿಯಂತಿರುವುದಿಲ್ಲ. ಮದುವೆ ದಿನ "ಅವತ್ತಿನ ರುಚಿ ಇಲ್ಲವಲ್ಲ" ಎನ್ನುವ ಮಾತು ಬರುವುದು ಇದರಿಂದಲೇ. ದೊಡ್ಡ ಆರ್ಡರಿನ ದಿನವೇ, ಆ ಆರ್ಡರ್ ಕೊಟ್ಟ ಮನೆಯವರ ಒಪ್ಪಿಗೆ ಪಡೆದು, ಐದು ಎಲೆ ಹೆಚ್ಚು ಬೇಯಿಸಿ ಅಡುಗೆಮನೆಯ ಪಕ್ಕದಲ್ಲೇ ಬಡಿಸಿ. ಬಿಸಿ ಹೋಳಿಗೆ ಒಂದು ಕೊಡಿ, ಜೊತೆಗೆ ಎರಡು ಗಂಟೆ ಆರಿದ್ದೂ ಒಂದು ಕೊಡಿ. ಮೂರನೇ ಪಂಕ್ತಿಯವರಿಗೆ ಸಿಗುವುದು ಆರಿದ್ದೇ.

ಪರಿಚಯದ ದಾರಿ ಅಗ್ಗ, ಆದರೆ ನಿಧಾನ. ಉಂಡವರು ಹೇಳಬೇಕು, ಅವರ ನೆಂಟರಲ್ಲಿ ಮದುವೆ ಕೂಡಿಬರಬೇಕು. ಹಾಗೆ ಹೇಳಿದವರಿಗೆ ನಗದು ಕೊಟ್ಟರೆ ನಮ್ಮಲ್ಲಿ ಮುಜುಗರ. ಅವರದೇ ಸೀಮಂತಕ್ಕೋ ನಾಮಕರಣಕ್ಕೋ ಹತ್ತು ಎಲೆ ಉಚಿತ ಎಂದರೆ ಸಂತೋಷದಿಂದ ಒಪ್ಪುತ್ತಾರೆ. ಅದನ್ನೂ ಹೊಸ ಮದುವೆಯ ಬಿಲ್ ಪೂರ್ತಿ ಚುಕ್ತಾ ಆದ ಮೇಲೆ ಕೊಡಿ. ಛತ್ರದವರಿಗೆ ಕಮಿಷನ್ ಬೇಡ. ಅದು ಎಲೆ ದರಕ್ಕೇ ಸೇರುತ್ತದೆ.

ಹೊಸಬರಾದರೆ ಮೊದಲನೆಯದು. ವರ್ಷಕ್ಕೆ ಇಪ್ಪತ್ತು ಮದುವೆ ದಾಟಿದವರಿಗೆ ಎರಡನೆಯದೇ ಸಾಕು.