ಸೋಲಾರ್ ಪಂಪಿಗೆ ಟೈಮರ್, ಕೈಯಾರೆ ಮಾಡಿದ ಬೋರ್ಡ್, ರೆಡಿಮೇಡ್ ಕಂಟ್ರೋಲರ್: ಮೂರನ್ನೂ ಹಾಕಿ ನೋಡಿದೆ
ನಮ್ಮ ಸೋಲಾರ್ ಹೀಟರಿನ ಟ್ಯಾಂಕ್ ಕಲೆಕ್ಟರಿಗಿಂತ ಕೆಳಗಿದೆ. ಹಾಗಾಗಿ ನೀರು ತಾನಾಗಿ ತಿರುಗುವುದಿಲ್ಲ, ಪಂಪೇ ತಿರುಗಿಸಬೇಕು.

ಮೊದಲು ಟೈಮರ್ ಹಾಕಿದೆ. ಒಂದು ದಿನ ಮೋಡ ಕವಿದಾಗ ಪೈಪ್ ಮುಟ್ಟಿ ನೋಡಿದರೆ, ಮೇಲಿನಿಂದ ಇಳಿಯುವ ನೀರಿಗಿಂತ ಮೇಲೆ ಹೋಗುವ ನೀರೇ ಬಿಸಿ! ಟ್ಯಾಂಕಿನ ಬಿಸಿಯನ್ನು ಪಂಪ್ ಆಕಾಶಕ್ಕೆ ಚೆಲ್ಲುತ್ತಿತ್ತು. ಟೈಮರ್ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಆರ್ಡುಯಿನೊ ಬೋರ್ಡಿಗೆ ಎರಡು DS18B20 ಸೆನ್ಸರ್ ಕಟ್ಟಿದೆ. ಒಂದು ಕಲೆಕ್ಟರಿನ ಬಿಸಿನೀರು ಹೊರಬರುವ ತುದಿಗೆ, ಇನ್ನೊಂದು ಟ್ಯಾಂಕಿನ ತಳಕ್ಕೆ. ವ್ಯತ್ಯಾಸ 6 ಡಿಗ್ರಿ ದಾಟಿದರೆ ಆನ್, ಇಲ್ಲದಿದ್ದರೆ ಆಫ್ ಎಂದು ಬರೆದೆ. ಬೆಳಗ್ಗೆಯೆಲ್ಲ ರಿಲೇ ಟಕ್ ಟಕ್ ಅನ್ನುತ್ತಲೇ ಇತ್ತು. ಟ್ಯಾಂಕ್ ತಳ 32 ಇದ್ದು ಕಲೆಕ್ಟರ್ 38 ದಾಟಿದಾಗ ಪಂಪ್ ಶುರುವಾಗುತ್ತದೆ. ಪೈಪಿನಲ್ಲಿ ನಿಂತಿದ್ದ ತಣ್ಣೀರು ಒಳನುಗ್ಗಿ ಕಲೆಕ್ಟರ್ 36ಕ್ಕೆ ಇಳಿಯುತ್ತದೆ. ವ್ಯತ್ಯಾಸ ನಾಲ್ಕೇ, ಪಂಪ್ ನಿಲ್ಲುತ್ತದೆ. ಎರಡು ನಿಮಿಷಕ್ಕೆ ಮತ್ತೆ ಅದೇ. ಆನ್‌ಗೆ ಒಂದು ಗಡಿ, ಆಫ್‌ಗೆ ಅದಕ್ಕಿಂತ ಕೆಳಗೆ ಇನ್ನೊಂದು ಇಟ್ಟ ಮೇಲೆ ಸರಿಹೋಯಿತು. tc ಅಂದರೆ ಕಲೆಕ್ಟರಿನ ಉಷ್ಣತೆ, tt ಟ್ಯಾಂಕ್ ತಳದ್ದು:

```
if (tc - tt >= 8) pump = true;
if (tc - tt <= 3) pump = false;
```

36ಕ್ಕೆ ಇಳಿದರೂ ವ್ಯತ್ಯಾಸ 4 ಉಳಿಯುವುದರಿಂದ ಪಂಪ್ ಓಡುತ್ತಲೇ ಇರುತ್ತದೆ.

ಆದರೆ ಒಂದು ರಾತ್ರಿ ಪಂಪಿನ ಸದ್ದು ಕೇಳಿ ಎದ್ದೆ. ಪರದೆಯಲ್ಲಿ ಕಲೆಕ್ಟರ್ 85.00! ವಿದ್ಯುತ್ ಕ್ಷಣಕಾಲ ತಪ್ಪಿ ಮತ್ತೆ ಬಂದರೆ, ಹೊಸದಾಗಿ ಅಳೆಯುವ ತನಕ ಈ ಸೆನ್ಸರ್ ಹೇಳುವುದು ಅದೇ ಅಂಕಿ. ಕೋಡಿನಲ್ಲಿ, ಹಿಂದಿನ ಅಳತೆ ಎಲ್ಲೋ ಇದ್ದು ಏಕಾಏಕಿ 85.00 ಬಂದರೆ ಬಿಟ್ಟುಬಿಡು ಎಂದು ಸೇರಿಸಿದೆ. ಇನ್ನೊಂದು ತೊಡಕಿಗೆ ಕೋಡಿನಲ್ಲಿ ಮದ್ದಿಲ್ಲ: ಈ ಸೆನ್ಸರಿನ ಮಿತಿ 125 ಡಿಗ್ರಿ. ಬಿಸಿಲಲ್ಲಿ ಪಂಪ್ ನಿಂತರೆ ಕಲೆಕ್ಟರ್ ಅದನ್ನು ದಾಟಬಹುದು.

ರೆಡಿಮೇಡ್ ಕಂಟ್ರೋಲರ್ ತಂದದ್ದು ಅದಕ್ಕೇ. ಗಡಿಗಳನ್ನು ಅದರಲ್ಲೂ 8 ಮತ್ತು 3ಕ್ಕೇ ಇಟ್ಟೆ. ಲೆಕ್ಕದಲ್ಲಿ ನನ್ನ ಬೋರ್ಡಿಗಿಂತ ಜಾಣತನವೇನಿಲ್ಲ. ಗೆದ್ದದ್ದು ಅದರ ಜೊತೆ ಬಂದ, ಹೆಚ್ಚು ಬಿಸಿ ತಾಳುವ ಪಿಟಿ1000 ಸೆನ್ಸರ್ ಮತ್ತು ಸಿಲಿಕೋನ್ ವೈರ್. ಆದರೂ ಮೊದಲ ದಿನ ಬೆಪ್ಪಾದೆ. ಸೆನ್ಸರನ್ನು ಹೊರಗಿನ ಪೈಪಿಗೆ ಕಟ್ಟಿದ್ದೆ. ನೀರು ಹರಿಯದೆ ಪೈಪ್ ಬಿಸಿಯಾಗದು, ಪೈಪ್ ಬಿಸಿಯಾಗದೆ ಪಂಪ್ ಓಡದು! ಹನ್ನೊಂದು ಗಂಟೆಗೂ ಪಂಪ್ ಸುಮ್ಮನಿತ್ತು, ಕಲೆಕ್ಟರ್ ಮುಟ್ಟಲಾಗದಷ್ಟು ಕಾದಿತ್ತು. ಸೆನ್ಸರನ್ನು ಕಲೆಕ್ಟರಿನೊಳಗಿನ ಪಾಕೆಟ್ಟಿಗೆ ಥರ್ಮಲ್ ಪೇಸ್ಟ್ ಹಚ್ಚಿ ತುದಿ ಮುಟ್ಟುವ ತನಕ ತೂರಿಸಿದೆ. ಮರುದಿನದಿಂದ ಬಿಸಿಲು ಏರುತ್ತಿದ್ದಂತೆ ಪಂಪ್ ತಾನೇ ಹೊರಟಿತು.

ಈಗ ಪಂಪ್ ರೆಡಿಮೇಡ್ ಪೆಟ್ಟಿಗೆಯ ಕೈಯಲ್ಲಿದೆ. ನನ್ನ ಬೋರ್ಡ್ ಪಕ್ಕದಲ್ಲೇ ಕೂತು, ಟ್ಯಾಂಕಿನ ಉಷ್ಣತೆ ಬರೆದಿಡುತ್ತದೆ.