ಮಲೆನಾಡಿನ ಮಳೆಗೆ ಒಡ್ಡಿದ ಫೋನ್: ಫೋಟೋ ಚೆನ್ನ, ಕಪ್ಪು ಪರದೆಯದ್ದೇ ದೂರು

ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್, ಹಿಂದೆ ಎರಡು ಲೆನ್ಸ್, ನೀರಿನ ಎರಚಲನ್ನಷ್ಟೇ ತಡೆಯುವ ಐಪಿ54. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲಗಳಲ್ಲಿ ಬಳಸಿದ ಮೇಲಿನ ಅಭಿಪ್ರಾಯ ಇದು. ಹಗಲಿನ ಫೋಟೋ ಬಹಳ ಚೆನ್ನ. ಅಡಿಕೆ ಕಾಯಿಗೆ ಬಂದ ಕೊಳೆಯ ಕಲೆಯೂ ಸ್ಪಷ್ಟವಾಗಿ ಕಾಣುತ್ತದೆ. ದೂರು ಒಂದೇ. ಕ್ಯಾಮೆರಾ ತೆರೆದರೆ ಕೆಲವೊಮ್ಮೆ ಪರದೆ ಕಪ್ಪಾಗುತ್ತದೆ, ಇಲ್ಲವೇ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹಾಗಾದಾಗ ಮೊದಲು ನೋಡಬೇಕಾದದ್ದು ಎಲ್ಲ ಲೆನ್ಸೂ ಕಪ್ಪೋ, ಒಂದು ಮಾತ್ರವೋ ಎಂಬುದನ್ನು. ಮುಂದಿನ ಕ್ಯಾಮೆರಾಕ್ಕೆ ತಿರುಗಿಸಿ, ಆಮೇಲೆ ಹಿಂದಿನದರಲ್ಲಿ ಮುಖ್ಯ ಲೆನ್ಸಿನ 1x ಮತ್ತು ಅಗಲ ನೋಟದ ಲೆನ್ಸಿನ 0.6x ಎರಡನ್ನೂ ಒತ್ತಿ ನೋಡಿ.

ಎಲ್ಲವೂ ಕಪ್ಪಾದರೆ ಸಾಮಾನ್ಯವಾಗಿ ಸಾಫ್ಟ್‌ವೇರ್ ಕಡೆಯ ತೊಂದರೆ. ಆಂಡ್ರಾಯ್ಡ್ 12ರಿಂದ ಈಚೆಗೆ, ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ Camera access ಎಂಬ ಗುಂಡಿ ಇರುತ್ತದೆ. ಅದು ಆಫ್ ಆಗಿದ್ದರೆ ಆ್ಯಪ್‌ಗೆ ಅನುಮತಿ ಕೊಟ್ಟಿದ್ದರೂ ಚಿತ್ರ ಬರುವುದಿಲ್ಲ. ಅದು ಸರಿಯಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಆ್ಯಪ್‌ನ ಅನುಮತಿ ನೋಡಿ. ಅಲ್ಲೂ ತೊಂದರೆ ಇಲ್ಲದಿದ್ದರೆ ಬೇರೆ ಆ್ಯಪ್ ಕ್ಯಾಮೆರಾವನ್ನು ಹಿಡಿದುಕೊಂಡಿರಬಹುದು. ಪರದೆಯ ಮೇಲ್ತುದಿಯ ಹಸಿರು ಚುಕ್ಕೆ ಅದರ ಗುರುತು. ಪಟ್ಟಿ ಎಳೆದು ಅದನ್ನು ಒತ್ತಿದರೆ ಯಾವ ಆ್ಯಪ್ ಎಂದು ಹೆಸರು ಬರುತ್ತದೆ. ಟಾರ್ಚ್ ಕೂಡ ಕ್ಯಾಮೆರಾ ವ್ಯವಸ್ಥೆಯ ಮೂಲಕವೇ ಹೊತ್ತುವುದರಿಂದ, ಟಾರ್ಚ್ ಗುಂಡಿ ಮಂಕಾಗಿದ್ದರೆ ಅದೂ ಇದೇ ಸುಳಿವು. ಆ ಆ್ಯಪ್ ಅನ್ನು Force stop ಮಾಡಿ, ಫೋನ್ ಆಫ್ ಮಾಡಿ ಆನ್ ಮಾಡಿ. ಮತ್ತೆ ಮತ್ತೆ ಆದರೆ, ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಪರೀಕ್ಷಿಸಿ: ಅಲ್ಲಿ ಸರಿ ಬಂದರೆ ತಪ್ಪು ಅವುಗಳಲ್ಲಿ ಯಾವುದೋ ಒಂದರದ್ದು.

ಈ ಫೋನಿನ ನಿಜವಾದ ದೌರ್ಬಲ್ಯ ಬೇರೆಯದು. 1x ಒಂದೇ ಕಪ್ಪು, 0.6x, ಮುಂದಿನದು, ಟಾರ್ಚ್ ಎಲ್ಲ ಸರಿ. ಅನುಮತಿ ಇಡೀ ಆ್ಯಪ್‌ಗೆ ಸೇರಿದ್ದು, ಒಂದು ಲೆನ್ಸನ್ನು ಮಾತ್ರ ಅದು ತಡೆಯುವುದಿಲ್ಲ. ಹಾಗಾಗಿ ಅನುಮಾನ ಪಡಬೇಕಾದದ್ದು ಆ ಲೆನ್ಸಿನ ಮಾಡ್ಯೂಲ್ ಮೇಲೆ, ಇಲ್ಲವೇ ಅದನ್ನು ಬೋರ್ಡ್‌ಗೆ ಜೋಡಿಸುವ ಪಟ್ಟಿ ಕೇಬಲ್‌ನ ಕನೆಕ್ಟರ್ ಮೇಲೆ. ಜಡಿಮಳೆಯ ಬೆಳಿಗ್ಗೆ ಕಪ್ಪು, ಬಿಸಿಲು ಬಂದ ಮೇಲೆ ಸರಿ ಎಂದಾದರೆ, ಜೊತೆಗೆ ಗಾಜಿನ ಒಳಗೆ ಮಂಜು ಕಂಡರೆ, ಒಳಗೆ ತೇವ ಹೋಗಿದೆ. ಆಗ ಚಾರ್ಜಿಗೆ ಹಾಕಬೇಡಿ. ಫೋನ್ ಆಫ್ ಮಾಡಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ಒಲೆಯ ಹತ್ತಿರ ಇಟ್ಟರೆ ಬ್ಯಾಟರಿಗೂ ಅಂಚಿನ ಅಂಟಿಗೂ ಪೆಟ್ಟು.

ರಿಪೇರಿಗೆ ಕೊಡುವಾಗ ನೇರವಾಗಿ ಮಾಡ್ಯೂಲ್ ಬದಲಿಸಲು ಒಪ್ಪಬೇಡಿ. ಮೊದಲು ಕನೆಕ್ಟರ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಕೂರಿಸಿ ನೋಡಲು ಹೇಳಿ. ಆಮೇಲೂ ಕಪ್ಪಾಗಿಯೇ ಇದ್ದರೆ ಮಾಡ್ಯೂಲ್ ಬದಲಿಸಬೇಕು. ಎರಡರಲ್ಲಿ ಯಾವುದೇ ಆದರೂ ಹಿಂಬದಿ ಮುಚ್ಚಳಕ್ಕೆ ಹೊಸ ಅಂಟು ಹಾಕಿಸಿ. ಒಮ್ಮೆ ಬಿಚ್ಚಿದ ಹಳೆಯ ಅಂಟು ಎರಚಲನ್ನೂ ತಡೆಯುವುದಿಲ್ಲ.

ಫೋಟೋಗೆ 5ಕ್ಕೆ 4, ಮಳೆಯಲ್ಲಿ ಬಾಳಿಕೆಗೆ 2. ಘಟ್ಟದ ಮೇಲೆ ಓಡಾಡುವವರು ನೀರಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ತಡೆಯುವ ಐಪಿ67 ಇರುವ ಫೋನನ್ನೇ ನೋಡಿ.